ಎಷ್ಟಕ್ಕೆ ಎಷ್ಟು? — ಶಾಲೆಯ ಕಾಲ್ಚೆಂಡಾಟದ ಪರಾಮರ್ಶೆಯನ್ನು ಕುರಿತು

ಪಂದ್ಯ ಮುಗಿದ ಸಂಜೆ ಶಿಕ್ಷಕರ ಕೊಠಡಿಯಲ್ಲಿ ನಡೆಯುವ ಮಾತುಕತೆಯನ್ನು ಕೇಳಿದವರಿಗೆ ಒಂದು ಸಂಗತಿ ಹೊಸದಲ್ಲ. ತಂಡ ಸೋತಿದ್ದರೆ, ಚಹಾ ಬರುವುದಕ್ಕೆ ಮೊದಲೇ ತಪ್ಪಿತಸ್ಥನ ಹೆಸರು ತೀರ್ಮಾನವಾಗಿರುತ್ತದೆ. ‘ಎಡಗಡೆಯ ಬ್ಯಾಕ್ ಚೆಂಡನ್ನು ಕಳೆದುಕೊಂಡ’, ‘ಹಾಫ್ ಆಡುವ ಹುಡುಗ ಓಡಲೇ ಇಲ್ಲ’ ಎಂಬಂಥ ತೀರ್ಪುಗಳು ಹೊರಬೀಳುತ್ತವೆ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಆ ಮಾತು ಆ ಬಾಲಕನ ಕಿವಿಗೂ ಬಿದ್ದಿರುತ್ತದೆ. ಮುಂದಿನ ಪಂದ್ಯದ ಹನ್ನೊಂದು ಮಂದಿಯಲ್ಲಿ ಅವನಿರುವುದಿಲ್ಲ. ಹೀಗೆ ತೀರ್ಪು ಕೊಡುವವರು ದುರುದ್ದೇಶವುಳ್ಳವರೇನಲ್ಲ. ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇವೆಂದು ಅವರು ನಿಜವಾಗಿ ನಂಬಿರುತ್ತಾರೆ. ಆದರೆ ಕಂಡದ್ದರಲ್ಲಿ ನೆನಪಿನಲ್ಲಿ ಉಳಿದದ್ದು ಎಷ್ಟು ಎಂಬುದು ಬೇರೆಯೇ ಪ್ರಶ್ನೆ. ಇಯಾನ್ ಫ್ರಾಂಕ್ಸ್ ಮತ್ತು ಗ್ಯಾರಿ ಮಿಲ್ಲರ್ ಎಂಬ ಸಂಶೋಧಕರು 1986ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಕಾಲ್ಚೆಂಡಾಟವನ್ನು ಗಮನವಿಟ್ಟು ನೋಡಿದವರಿಗೂ ಅದರ ಮುಖ್ಯ ಘಟನೆಗಳಲ್ಲಿ ಅರ್ಧಕ್ಕಿಂತ ಕಡಮೆ ಮಾತ್ರ ಸರಿಯಾಗಿ ನೆನಪಾದವು. ಗೋಲು ನೆನಪಿನಲ್ಲಿ ಉಳಿಯುತ್ತದೆ. ಗೋಲಿಗೆ ಹತ್ತು ನಿಮಿಷ ಮೊದಲು ಆರಂಭವಾದ ಅದರ ಕಾರಣ ಉಳಿಯುವುದಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನ ಶಾಲೆಗಳಲ್ಲಿಯೂ ಈಗ ಪಂದ್ಯವನ್ನು ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸುವುದು ಕಷ್ಟದ ಕೆಲಸವಾಗಿ ಉಳಿದಿಲ್ಲ. ಆಟಗಾರನ ಬೆನ್ನಿಗೆ ಉಪಗ್ರಹದ ಸಂಕೇತ ಹಿಡಿಯುವ ಪುಟ್ಟ ಯಂತ್ರವನ್ನು ಕಟ್ಟಿ, ಅವನು ಎಷ್ಟು ಓಡಿದನೆಂದು ಅಳೆಯುವ ಜಿ.ಪಿ.ಎಸ್. ಅಂಗಿಗಳೂ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅಂಥ ಅಂಗಿಗಳನ್ನು ಶಾಲೆಗೆ ಕೊಡಿಸಬೇಕೆಂಬ ಉತ್ಸಾಹ ಹಳೆಯ ವಿದ್ಯಾರ್ಥಿಗಳಲ್ಲಿ ಮೂಡುವುದು ಸಹಜ. ಪ್ರಕೃತ ಲೇಖನದ ಉದ್ದೇಶ ಆ ಉತ್ಸಾಹಕ್ಕೆ ತಣ್ಣೀರೆರಚುವುದಲ್ಲ. ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ತಿಳಿಯದೆ ಅಂಕಿಗಳನ್ನು ಕೂಡಿಹಾಕಿದರೆ, ಹಿಂದೆ ನೆನಪಿನ ಆಧಾರದಿಂದ ಮಾಡುತ್ತಿದ್ದ ಅನ್ಯಾಯವನ್ನೇ ಇನ್ನು ಮುಂದೆ ಅಂಕಿಗಳ ಆಧಾರದಿಂದ ಮಾಡುವೆವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ನಿವೇದಿಸಲು ಅಪ್ಪಣೆಯಾಗಬೇಕು.

ಮೊದಲಿಗೆ ಒಂದು ಹಳೆಯ ಕಥೆ. ಕಾಲ್ಚೆಂಡಾಟದ ಘಟನೆಗಳನ್ನು ಕ್ರಮವಾಗಿ ಬರೆದಿಡುವ ಪದ್ಧತಿಗೆ ಪ್ರಸಿದ್ಧಿ ತಂದವನು ಚಾರ್ಲ್ಸ್ ರೀಪ್ ಎಂಬ ಆಂಗ್ಲ ಗೃಹಸ್ಥ. ಬ್ರಿಟನ್ನಿನ ವಾಯುಪಡೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದವನು. 1950ರ ಮಾರ್ಚ್ 18ರಂದು ಸ್ವಿಂಡನ್ ಟೌನ್ ಮತ್ತು ಬ್ರಿಸ್ಟಲ್ ರೋವರ್ಸ್ ತಂಡಗಳ ಪಂದ್ಯವನ್ನು ನೋಡುತ್ತಿದ್ದಾಗ, ಸ್ವಿಂಡನ್ ತಂಡದ ದಾಳಿಗಳು ಮತ್ತೆ ಮತ್ತೆ ವ್ಯರ್ಥವಾಗುವುದನ್ನು ಕಂಡು ಬೇಸತ್ತನು. ಉತ್ತರಾರ್ಧ ಆರಂಭವಾದಾಗ ಜೇಬಿನಿಂದ ಪೆನ್ಸಿಲು, ಪುಸ್ತಕ ತೆಗೆದು ಒಂದೊಂದು ದಾಳಿಯನ್ನೂ ಗುರುತು ಹಾಕಿಕೊಳ್ಳತೊಡಗಿದನು. ಮುಂದೆ ಅನೇಕ ವರ್ಷಗಳ ಕಾಲ ನೂರಾರು ಪಂದ್ಯಗಳನ್ನು ಹೀಗೆಯೇ ದಾಖಲಿಸಿ, 1968ರಲ್ಲಿ ಬರ್ನಾರ್ಡ್ ಬೆಂಜಮಿನ್ ಎಂಬ ಸಂಖ್ಯಾಶಾಸ್ತ್ರಜ್ಞನೊಡನೆ ಒಂದು ಪ್ರಬಂಧವನ್ನೂ ಪ್ರಕಟಿಸಿದನು. ಆಗ ವಿಡಿಯೊ ಇರಲಿಲ್ಲ; ಆದರೆ ಅವನು ಮಾಡಿದ್ದು ಇಂದು ನಾವು ‘ಟ್ಯಾಗ್ ಮಾಡುವುದು’ ಎನ್ನುವ ಕೆಲಸವನ್ನೇ.

ಅವನ ಲೆಕ್ಕದಲ್ಲಿ ಎದ್ದು ಕಂಡದ್ದು ಒಂದು ಅಂಶ. ಗೋಲುಗಳಲ್ಲಿ ಹತ್ತಕ್ಕೆ ಸುಮಾರು ಎಂಟು, ಮೂರು ಅಥವಾ ಅದಕ್ಕೂ ಕಡಮೆ ಪಾಸುಗಳ ಅನಂತರ ಬಂದಿದ್ದವು. ಹಾಗಾದರೆ ಪಾಸುಗಳನ್ನು ಹೆಣೆಯುತ್ತ ಕಾಲಹರಣ ಮಾಡುವುದೇಕೆ, ಚೆಂಡನ್ನು ದೂರಕ್ಕೆ ಹೊಡೆದು ಬೇಗನೆ ಎದುರಾಳಿಯ ಗೋಲಿನ ಬಳಿಗೆ ಒಯ್ಯುವುದೇ ಲೇಸು ಎಂದು ಅವನು ನಿರ್ಣಯಿಸಿದನು. ಈ ನಿರ್ಣಯ ಇಂಗ್ಲೆಂಡಿನ ತರಬೇತಿಯ ಮೇಲೆ ದಶಕಗಳ ಕಾಲ ಪ್ರಭಾವ ಬೀರಿತು. ಅಂಕಿಗಳು ಸರಿಯಾಗಿಯೇ ಇದ್ದವು. ತಪ್ಪಿದ್ದು ಎಲ್ಲಿ?

ಇದನ್ನು ನಮ್ಮ ಚನ್ನಗಿರಿಯ ಅಡಕೆ ಬೆಳೆಗಾರರು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಒಬ್ಬರಿಗೆ 20 ಕ್ವಿಂಟಲ್ ಅಡಕೆಯಾಯಿತು, ಇನ್ನೊಬ್ಬರಿಗೆ 12 ಆಯಿತು ಎಂದರೆ, ಅವರು ಮೊದಲು ಕೇಳುವುದು ‘ಎಷ್ಟು ಎಕರೆಗೆ?’ ಎಂದು. ಇಪ್ಪತ್ತು ಬಂದದ್ದು ಐದು ಎಕರೆಯಲ್ಲಿ, ಹನ್ನೆರಡು ಬಂದದ್ದು ಎರಡು ಎಕರೆಯಲ್ಲಿ ಎಂದಾದರೆ ಯಾವ ತೋಟ ಚೆನ್ನಾಗಿದೆಯೆಂದು ಯಾರೂ ವಿವರಿಸಬೇಕಾಗಿಲ್ಲ. ರೀಪ್ ಮಹಾಶಯ ಎಕರೆಯನ್ನು ಕೇಳಲಿಲ್ಲ. ಅವನದೇ ದಾಖಲೆಯಲ್ಲಿ ಒಟ್ಟು ಆಟದ ಸರಣಿಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು, ಮೂರು ಪಾಸಿನೊಳಗೇ ಮುಗಿದಿದ್ದವು. ಸುಲಭವಾಗಿ ತಿಳಿಯಲೆಂದು ಸಾವಿರ ಸರಣಿಗಳಿಗೆ ಹತ್ತು ಗೋಲು ಎಂದಿಟ್ಟುಕೊಳ್ಳೋಣ. ಒಂಬೈನೂರು ಚಿಕ್ಕ ಸರಣಿಗಳಿಂದ ಎಂಟು ಗೋಲು ಎಂದರೆ ಒಂದು ಗೋಲಿಗೆ ನೂರಹನ್ನೆರಡು ಸರಣಿ ಬೇಕಾಯಿತು. ನೂರು ಉದ್ದದ ಸರಣಿಗಳಿಂದ ಎರಡು ಗೋಲು ಎಂದರೆ ಒಂದು ಗೋಲಿಗೆ ಐವತ್ತೇ ಸಾಕಾಯಿತು. 2005ರಲ್ಲಿ ಮೈಕ್ ಹ್ಯೂಸ್ ಮತ್ತು ಇಯಾನ್ ಫ್ರಾಂಕ್ಸ್ ಅವರು ವಿಶ್ವಕಪ್ ಪಂದ್ಯಗಳನ್ನು ಈ ರೀತಿಯಲ್ಲಿ ಭಾಗಿಸಿ ನೋಡಿದಾಗ, ಯಶಸ್ವಿ ತಂಡಗಳ ಮಟ್ಟಿಗೆ ಉದ್ದದ ಸರಣಿಗಳೇ ಹೆಚ್ಚು ಫಲವತ್ತಾಗಿದ್ದುದು ಕಂಡುಬಂದಿತು. ಅಷ್ಟರಿಂದಲೇ ಪಾಸುಗಳು ಹೆಚ್ಚಿದರೆ ಗೋಲು ಹೆಚ್ಚುತ್ತದೆಂದು ಹೇಳಲಾಗದು. ಸಮರ್ಥ ತಂಡಕ್ಕೆ ಎರಡೂ ಸಾಧ್ಯವಾಗುತ್ತಿರಬಹುದು. ಆದರೆ ‘ಎಷ್ಟಕ್ಕೆ ಎಷ್ಟು’ ಎಂದು ಕೇಳದ ಎಣಿಕೆ ಎಷ್ಟು ದೂರ ದಾರಿ ತಪ್ಪಿಸಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇನ್ನು ನಮ್ಮ ಶಾಲೆಗಳಲ್ಲಿ ಈ ಕೆಲಸವನ್ನು ಮಾಡುವ ಬಗೆ. ಟ್ಯಾಗ್ ಮಾಡುವುದೆಂದರೆ ವಿಡಿಯೊವನ್ನು ನೋಡುತ್ತ, ಮೊದಲೇ ಗೊತ್ತುಮಾಡಿಕೊಂಡ ಒಂದು ಘಟನೆ ನಡೆದಾಗಲೆಲ್ಲ ಅದರ ವೇಳೆ, ಆಟಗಾರನ ಅಂಗಿಯ ಸಂಖ್ಯೆ, ಮೈದಾನದ ಯಾವ ಭಾಗ, ಫಲವೇನು ಎಂಬ ನಾಲ್ಕು ಅಂಶಗಳನ್ನು ಒಂದು ಸಾಲಿನಲ್ಲಿ ಬರೆಯುವುದು. ಮೈದಾನವನ್ನು ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಪಾಲು ಮಾಡಿದರೆ ಒಂಬತ್ತು ಚೌಕಗಳಾಗುತ್ತವೆ. ಶಾಲಾ ಪಂದ್ಯಕ್ಕೆ ಅಷ್ಟು ಸಾಕು. ಬರೆಯಲು ಕಂಪ್ಯೂಟರಿನ ಕೋಷ್ಟಕ ಅನುಕೂಲ. ಗೆರೆ ಹಾಕಿದ ಪುಸ್ತಕವಾದರೂ ಆದೀತು. ವಿಡಿಯೊವನ್ನು ನಿಧಾನವಾಗಿ ಓಡಿಸಿ ನೋಡಲು ‘ಕಿನೋವಿಯ’ದಂತಹ ಉಚಿತ ತಂತ್ರಾಂಶವಿದೆ.

ಇಲ್ಲಿ ಎಡವುವುದು ಸಾಮಾನ್ಯವಾಗಿ ಮೂರು ಕಡೆ. ಮೊದಲನೆಯದು ಚಿತ್ರೀಕರಣ. ಉತ್ಸಾಹಿಯಾದ ಹುಡುಗನ ಕೈಗೆ ಫೋನನ್ನು ಕೊಟ್ಟರೆ ಅವನು ಚೆಂಡಿನ ಬೆನ್ನು ಹತ್ತುತ್ತಾನೆ. ಚೆಂಡಿಲ್ಲದ ಇಪ್ಪತ್ತು ಮಂದಿ ಎಲ್ಲಿದ್ದರೆಂಬುದು ಚಿತ್ರದಲ್ಲಿ ಇರುವುದೇ ಇಲ್ಲ. ಆದಕಾರಣ ಫೋನನ್ನು ಮಧ್ಯರೇಖೆಯ ನೇರಕ್ಕೆ, ಶಾಲೆಯ ಮಹಡಿಯಂತಹ ಎತ್ತರದಲ್ಲಿ, ಮೈದಾನವೆಲ್ಲ ಕಾಣುವಂತೆ ಅಲುಗದಂತೆ ನಿಲ್ಲಿಸಬೇಕು. ಎರಡನೆಯದು ವೇಳೆ. ಎಷ್ಟೋ ಫೋನುಗಳು ದೀರ್ಘ ಚಿತ್ರವನ್ನು ತುಂಡುತುಂಡಾಗಿ ಕೂಡಿಡುತ್ತವೆ. ಎರಡನೆಯ ತುಂಡಿನ ಗಡಿಯಾರ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ಪ್ರತಿ ಅರ್ಧದ ಆರಂಭದ ಶಿಳ್ಳೆ ಯಾವ ತುಂಡಿನಲ್ಲಿ ಎಷ್ಟನೆಯ ಸೆಕೆಂಡಿಗೆ ಕೇಳಿತೆಂದು ಮೊದಲೇ ಬರೆದಿಡದಿದ್ದರೆ ಮುಂದೆ ಯಾವ ಲೆಕ್ಕವೂ ಕೂಡಿಬರುವುದಿಲ್ಲ. ಮೂರನೆಯದು ವ್ಯಾಖ್ಯೆ. ‘ಚೆಂಡನ್ನು ಕಳೆದುಕೊಂಡದ್ದು’ ಎಂದರೇನು? ಎದುರಾಳಿಯ ಕಾಲಿಗೆ ತಗುಲಿ ಥ್ರೋ-ಇನ್ ನಮ್ಮದೇ ಆದರೆ ಅದು ನಷ್ಟವೇ? ಅಪಾಯದಲ್ಲಿ ಬೇಕೆಂದೇ ಹೊರಗೆ ಹೊಡೆದರೆ? ಇದನ್ನು ನಿರ್ಧರಿಸದೆ ಕುಳಿತರೆ ಮೊದಲ ಹತ್ತು ನಿಮಿಷದ ಎಣಿಕೆ ಒಂದು ಬಗೆ, ಕೊನೆಯ ಹತ್ತು ನಿಮಿಷದ್ದು ಇನ್ನೊಂದು ಬಗೆಯಾಗುತ್ತದೆ. ಪರೀಕ್ಷೆ ಸುಲಭ: ಅದೇ ಹತ್ತು ನಿಮಿಷದ ವಿಡಿಯೊವನ್ನು ಇಬ್ಬರು ಶಿಕ್ಷಕರು ಬೇರೆಬೇರೆಯಾಗಿ ಟ್ಯಾಗ್ ಮಾಡಿ ಹೋಲಿಸಲಿ. ಹತ್ತು ಘಟನೆಗಳಲ್ಲಿ ಎಂಟು ಒಂಬತ್ತರಲ್ಲಿ ಒಮ್ಮತವಿಲ್ಲವಾದರೆ ದೋಷ ಆಟಗಾರರದಲ್ಲ, ವ್ಯಾಖ್ಯೆಯದು.

ಇನ್ನು ಚಲನೆಯ ಅಳತೆ. ಜಿ.ಪಿ.ಎಸ್. ಅಂಗಿಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವವು ಸೆಕೆಂಡಿಗೆ ಹತ್ತು ಸಲ ಆಟಗಾರನಿರುವ ಸ್ಥಳವನ್ನು ಗುರುತಿಸುತ್ತವೆ. ಅದರಿಂದ ಓಡಿದ ದೂರ, ವೇಗಗಳನ್ನು ಲೆಕ್ಕಹಾಕುತ್ತವೆ. ನೇರವಾದ ದೀರ್ಘ ಓಟವನ್ನು ಚೆನ್ನಾಗಿ ಅಳೆಯುತ್ತವೆ. ಥಟ್ಟನೆ ತಿರುಗುವ, ನಾಲ್ಕು ಹೆಜ್ಜೆ ನುಗ್ಗಿ ನಿಲ್ಲುವ ಚಲನೆಯಲ್ಲಿ ತಪ್ಪು ಹೆಚ್ಚು. ಕಟ್ಟಡ, ಮರಗಳ ಮಗ್ಗುಲಲ್ಲಿ ಸಂಕೇತವೂ ಕೆಡುತ್ತದೆ. ಎರಡು ಬೇರೆಬೇರೆ ತಯಾರಿಕೆಯ ಯಂತ್ರಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬಾರದು.

ಇದಕ್ಕಿಂತ ದೊಡ್ಡ ಅಪಾಯ ಹೋಲಿಕೆಯಲ್ಲಿದೆ. ವಯಸ್ಕ ವೃತ್ತಿಪರರ ಪಂದ್ಯಗಳಲ್ಲಿ ಗಂಟೆಗೆ 19.8 ಕಿಲೋಮೀಟರ್ ದಾಟಿದ ಓಟವನ್ನು ‘ವೇಗದ ಓಟ’ವೆಂದು ಎಣಿಸುವ ರೂಢಿಯಿದೆ. ಅದೇ ಗೆರೆಯನ್ನು ಎಂಟನೆಯ ತರಗತಿಯ ಬಾಲಕನಿಗೂ ಎಳೆದರೆ, ಎದೆಯೊಡೆಯುವಂತೆ ಓಡಿದವನ ಖಾತೆಯಲ್ಲಿಯೂ ಬಹುಪಾಲು ಸೊನ್ನೆಯೇ ಕಾಣಬಹುದು. ಅಂತೆಯೇ ಒಟ್ಟು ದೂರ. ಒಬ್ಬನು 60 ನಿಮಿಷವೂ ಆಡಿ 5,400 ಮೀಟರ್ ಓಡಿದ. ಇನ್ನೊಬ್ಬನು 35 ನಿಮಿಷ ಮಾತ್ರ ಆಡಿ 3,500 ಮೀಟರ್ ಓಡಿದ. ಪಟ್ಟಿಯಲ್ಲಿ ಮೊದಲನೆಯವನು ಮೇಲಿರುತ್ತಾನೆ. ನಿಮಿಷಕ್ಕೆ ಎಷ್ಟೆಂದು ಭಾಗಿಸಿದರೆ ಮೊದಲನೆಯವನದು 90, ಎರಡನೆಯವನದು 100. ಬ್ಯಾಕ್ ಆಡುವವನನ್ನು ಹಾಫ್ ಆಡುವವನೊಡನೆ, ಜಗಳೂರಿನ ಗಟ್ಟಿ ನೆಲದ ಓಟವನ್ನು ಮಳೆ ಹಿಡಿದ ದಿನದ ಕೆಸರಿನ ಓಟದೊಡನೆ ಹೋಲಿಸುವುದೂ ಇಂಥದೇ ತಪ್ಪು.

ಅಂಗಿಗಳಿಲ್ಲದೆಯೂ ಚಲನೆಯನ್ನು ಒಂದು ಮಟ್ಟಕ್ಕೆ ಅಳೆಯಬಹುದು. ಮೈದಾನದ ಎರಡು ಪಾರ್ಶ್ವರೇಖೆಗಳ ಮೇಲೂ ಟೇಪು ಹಿಡಿದು ಹತ್ತು ಹತ್ತು ಮೀಟರಿಗೆ ಒಂದೊಂದು ಗುರುತಿಟ್ಟರೆ, ಅಲುಗದ ಚಿತ್ರದ ಮೇಲೆ ಎದುರುಬದುರು ಗುರುತುಗಳನ್ನು ಕೂಡಿಸುವ ಗೆರೆಗಳನ್ನು ಎಳೆದುಕೊಳ್ಳಬಹುದು. ಒಬ್ಬ ಆಟಗಾರನನ್ನು ಆರಿಸಿಕೊಂಡು, ಪ್ರತಿ ಹತ್ತು ಸೆಕೆಂಡಿಗೊಮ್ಮೆ ಚಿತ್ರವನ್ನು ನಿಲ್ಲಿಸಿ, ಅವನ ಪಾದ ಯಾವ ಗೆರೆಗಳ ನಡುವೆ ಇದೆಯೆಂದು ಬರೆದರೆ 60 ನಿಮಿಷದ ಪಂದ್ಯಕ್ಕೆ 360 ನಮೂದುಗಳಾಗುತ್ತವೆ. ತಲೆಯನ್ನು ನೋಡಬಾರದು, ಪಾದವನ್ನೇ ನೋಡಬೇಕು. ಓರೆಯಾಗಿ ತೆಗೆದ ಚಿತ್ರದಲ್ಲಿ ತಲೆ ಇರುವಂತೆ ಕಾಣುವ ಜಾಗವೇ ಬೇರೆ. ಈ ವಿಧಾನದಿಂದ ವೇಗ ತಿಳಿಯದು, ಓಡಿದ ದೂರವೂ ನಿಖರವಾಗಿ ತಿಳಿಯದು. ಆದರೆ ಅವನು ಎಲ್ಲಿದ್ದ ಎಂಬುದು ಚೆನ್ನಾಗಿ ತಿಳಿಯುತ್ತದೆ. ಅನೇಕ ವೇಳೆ ಬೇಕಾದದ್ದು ಅದೊಂದೇ.

ಇವೆಲ್ಲವೂ ಒಂದೆಡೆ ಸೇರುವುದನ್ನು ಕಾಣಿಸಲು ಕಲ್ಪಿತ ಪಂದ್ಯವೊಂದನ್ನು ತೆಗೆದುಕೊಳ್ಳುತ್ತೇನೆ. ಹೊನ್ನಾಳಿಯ ಒಂದು ಶಾಲಾ ತಂಡ ನ್ಯಾಮತಿಯ ತಂಡದೊಡನೆ 60 ನಿಮಿಷದ ಪಂದ್ಯವಾಡಿ ಎರಡು ಗೋಲುಗಳಿಂದ ಸೋತಿತೆನ್ನಿ. ಎರಡೂ ಗೋಲುಗಳು ಎಡಬದಿಯಿಂದಲೇ ಬಂದವು. ಎಲ್ಲರ ಬೆರಳೂ 3ನೆಯ ಸಂಖ್ಯೆಯ ಎಡ ಬ್ಯಾಕ್ ಕಡೆಗೆ ತಿರುಗಿದೆ. ಟ್ಯಾಗ್ ಮಾಡಿದಾಗ ಆ ಮಾತಿಗೆ ಮೊದಲ ನೋಟಕ್ಕೆ ಪುಷ್ಟಿಯೇ ದೊರೆಯುತ್ತದೆ: ಅವನು 15 ಸಲ ಚೆಂಡನ್ನು ಕಳೆದುಕೊಂಡಿದ್ದಾನೆ, ಬಲ ಬ್ಯಾಕ್ ಕಳೆದುಕೊಂಡದ್ದು 6 ಸಲ ಮಾತ್ರ. ಇಲ್ಲಿಗೇ ನಿಲ್ಲಿಸಿದರೆ ಹುಡುಗ ತಂಡದಿಂದ ಹೊರಗೆ.

ಆದರೆ ಎಷ್ಟಕ್ಕೆ ಎಷ್ಟು? 3ನೆಯವನ ಕಾಲಿಗೆ ಚೆಂಡು ಬಂದದ್ದು 50 ಸಲ, ಬಲ ಬ್ಯಾಕ್ ಕಾಲಿಗೆ 20 ಸಲ. ಇಬ್ಬರೂ ನೂರಕ್ಕೆ 30ರಂತೆಯೇ ಕಳೆದುಕೊಂಡಿದ್ದಾರೆ. ಚೆಂಡು ಎಡಕ್ಕೇ ಅಷ್ಟು ಸಲ ಏಕೆ ಬಂದಿತೆಂದು ಹಿಂದಕ್ಕೆ ಹೋಗಿ ನೋಡಿದರೆ, ಗೋಲ್‌ಕೀಪರ್ ಚೆಂಡನ್ನು ಬಿಟ್ಟುಕೊಟ್ಟ 22 ಸಂದರ್ಭಗಳಲ್ಲಿ 18ರಲ್ಲಿ ಎಡಕ್ಕೇ ಕೊಟ್ಟಿದ್ದಾನೆ. ಅರ್ಥಾತ್ ತಂಡ ಯಾರನ್ನು ಹೆಚ್ಚು ನಂಬಿತೋ ಅವನೇ ಹೆಚ್ಚು ಸಲ ಎಡವಿದಂತೆ ಕಂಡಿದ್ದಾನೆ.

ಮುಂದಿನ ಹೆಜ್ಜೆಯಲ್ಲಿ ಆ 50 ಸಂದರ್ಭಗಳನ್ನೂ ನೋಡಬೇಕು. ಕಳೆದುಕೊಂಡ 15ನ್ನು ಮಾತ್ರವಲ್ಲ. ಚೆಂಡು ಅವನಿಗೆ ಬಂದ ಕ್ಷಣದಲ್ಲಿ ಹತ್ತಿರದ ಜೊತೆಗಾರ ಎಷ್ಟು ದೂರದಲ್ಲಿದ್ದ? 20 ಮೀಟರಿಗಿಂತ ದೂರದಲ್ಲಿದ್ದದ್ದು 18 ಸಲ. ಅವುಗಳಲ್ಲಿ 11 ಸಲ ಚೆಂಡು ಹೋಯಿತು. ಜೊತೆಗಾರ ಹತ್ತಿರವಿದ್ದದ್ದು 32 ಸಲ. ಅವುಗಳಲ್ಲಿ ಹೋದದ್ದು 4 ಸಲ ಮಾತ್ರ. ಹುಡುಗ ಅವನೇ, ಕಾಲು ಅವೇ. ಜೊತೆಗಾರನಿದ್ದರೆ ಎಂಟಕ್ಕೆ ಒಂದು ನಷ್ಟ, ಇಲ್ಲದಿದ್ದರೆ ಅರ್ಧಕ್ಕೂ ಮಿಗಿಲು.

ಈಗ ಬೆರಳು 6ನೆಯ ಸಂಖ್ಯೆಯ ಎಡ ಹಾಫ್ ಕಡೆಗೆ ತಿರುಗುತ್ತದೆ: ‘ಅವನು ದಣಿದು ನಿಂತುಬಿಟ್ಟ’ ಎಂದು. ಚಲನೆಯ ಅಳತೆಗೆ ಸ್ಥಾನವಿರುವುದು ಇಲ್ಲಿ. ಯಾವುದಾದರೂ ತಂಡದಿಂದ ಎರವಲು ತಂದ ಅಂಗಿಗಳಿವೆಯೆನ್ನಿ. ಪೂರ್ವಾರ್ಧದಲ್ಲಿ ಅವನು ನಿಮಿಷಕ್ಕೆ 98 ಮೀಟರ್ ಓಡಿದ್ದಾನೆ, ಉತ್ತರಾರ್ಧದಲ್ಲಿ 84. ಇಳಿಕೆ ನಿಜ. ಆದರೆ ಇಡೀ ತಂಡದ ಸರಾಸರಿಯೂ 95ರಿಂದ 83ಕ್ಕೆ ಇಳಿದಿದೆ. ಅವನು ಇತರರಿಗಿಂತ ವಿಶೇಷವಾಗಿ ದಣಿದಿಲ್ಲ. ಬದಲಾದದ್ದು ಅವನ ಓಟವಲ್ಲ, ಅವನು ನಿಂತ ಸ್ಥಳ. ಉತ್ತರಾರ್ಧದಲ್ಲಿ ಅವನು ಸರಾಸರಿ 12 ಮೀಟರ್ ಮುಂದಕ್ಕೆ ಹೋಗಿದ್ದಾನೆ. ಏಕೆ ಹೋದ? ವಿಡಿಯೊದ ಧ್ವನಿಯನ್ನು ಕೇಳಿದರೆ ಉತ್ತರ ಸಿಗುತ್ತದೆ. ಮೊದಲ ಗೋಲು ಬಿದ್ದ ಮೇಲೆ ಪಾರ್ಶ್ವರೇಖೆಯ ಬಳಿಯಿಂದ ‘ಮುಂದಕ್ಕೆ ಹೋಗು, ಮುಂದಕ್ಕೆ!’ ಎಂದು ಕೂಗುತ್ತಿರುವವರು ತಂಡದ ಶಿಕ್ಷಕರೇ.

ಹೀಗೆ ಬ್ಯಾಕ್‌ನಿಂದ ಹೊರಟ ಆರೋಪ ಹಾಫ್‌ನನ್ನು ದಾಟಿ ನಮ್ಮ ಬಳಿಗೇ ಬಂದು ನಿಂತಿತು. ಪರಿಹಾರವೂ ಅಲ್ಲಿಯೇ ಇದೆ: ಎಡ ಬ್ಯಾಕ್‌ಗೆ ಚೆಂಡು ಬಂದಾಗ ಹಾಫ್ 15 ಮೀಟರಿನೊಳಗೆ ಓರೆಯಾಗಿ ಇಳಿದು ನಿಲ್ಲುವುದನ್ನು ಅಭ್ಯಾಸ ಮಾಡಿಸುವುದು, ಮುಂದಿನ ಮೂರು ನಾಲ್ಕು ಪಂದ್ಯಗಳಲ್ಲಿ ಈ ಒಂದೇ ಲೆಕ್ಕವನ್ನು ಮತ್ತೆ ಇಡುವುದು. ಒಂದು ಪಂದ್ಯದ ಅಂಕಿಯಿಂದ ನಿಯಮವನ್ನು ಮಾಡಬಾರದು. ಒಂದು ಮಳೆಯನ್ನು ನೋಡಿ ಜಗಳೂರಿನ ರೈತ ಆ ವರ್ಷದ ಬೆಳೆಯನ್ನು ನಿರ್ಧರಿಸುವುದಿಲ್ಲ. ಎದುರಾಳಿ ಬಲಿಷ್ಠನಾದರೆ ಎಲ್ಲ ಅಂಕಿಗಳೂ ಒಟ್ಟಿಗೆ ಕೆಡುತ್ತವೆಂಬುದನ್ನೂ ಮರೆಯಲಾಗದು.

ಗಮನಿಸಬೇಕಾದದ್ದು ಇಷ್ಟು: ಈ ಶೋಧದಲ್ಲಿ ಪ್ರಶ್ನೆಯನ್ನು ಎತ್ತಿದ್ದು ವಿಡಿಯೊ, ಚಲನೆಯ ಅಳತೆ ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳಿತು. ಆ ಉತ್ತರದ ಮುಖ್ಯಭಾಗವಾದ 12 ಮೀಟರಿನ ಸ್ಥಾನಪಲ್ಲಟ ಟೇಪು ಮತ್ತು ಗೆರೆಗಳ ವಿಧಾನದಿಂದಲೂ ತಿಳಿಯುತ್ತಿತ್ತು. ಅಂಗಿಗಳನ್ನು ಮೊದಲು ಕೊಂಡು, ಅವು ಕೊಡುವ ಪಟ್ಟಿಯನ್ನೇ ಮೊದಲು ಓದಿದ್ದರೆ, ‘6ನೆಯವನ ಓಟ ಇಳಿದಿದೆ’ ಎಂಬಲ್ಲಿಗೇ ಪರಾಮರ್ಶೆ ಮುಗಿದು ನಿರಪರಾಧಿಯೊಬ್ಬನಿಗೆ ಶಿಕ್ಷೆಯಾಗುತ್ತಿತ್ತು.

ಆದಕಾರಣ ದಾನಿಗಳಲ್ಲಿ ನನ್ನ ಅರಿಕೆ ಇದು. ಮೊದಲು ಕೊಡಿಸಬೇಕಾದದ್ದು ಅಲುಗದೆ ನಿಲ್ಲುವ ಒಂದು ಎತ್ತರದ ಕಂಬ, ಚಿತ್ರವನ್ನು ಕೂಡಿಡಲು ಸಾಕಷ್ಟು ಸ್ಥಳವಿರುವ ಒಂದು ಫೋನು, ಒಂದು ಅಳತೆಯ ಟೇಪು. ಇವುಗಳಿಗಿಂತ ಮುಖ್ಯವಾದದ್ದು ವೇಳೆ. 60 ನಿಮಿಷದ ಪಂದ್ಯದಲ್ಲಿ ಒಂದೆರಡು ಬಗೆಯ ಘಟನೆಗಳನ್ನು ಟ್ಯಾಗ್ ಮಾಡಲು ಹೊಸಬರಿಗೆ ಒಂದು ಸಂಜೆ ಪೂರ್ತಿ ಬೇಕು. ದೈಹಿಕ ಶಿಕ್ಷಕರಿಗೆ ಆ ಸಂಜೆಯನ್ನು ಬಿಡುವು ಮಾಡಿಕೊಡದೆ ಯಂತ್ರಗಳನ್ನು ಕೊಟ್ಟರೆ ಅವು ಬೀರುವಿನಲ್ಲಿ ಉಳಿಯುತ್ತವೆ. ವರ್ಷವೊಂದರ ಟ್ಯಾಗುಗಳಿಂದ, ವಿಡಿಯೊ ಉತ್ತರಿಸಲಾಗದ ಪ್ರಶ್ನೆಗಳು ಎದ್ದಾಗ ಅಂಗಿಗಳ ಮಾತನ್ನು ಎತ್ತೋಣ.

ಶಿಕ್ಷಕ ಬಂಧುಗಳಲ್ಲಿಯೂ ಒಂದು ಅರಿಕೆ ಉಂಟು. ಈ ಅಂಕಿಗಳು ಮಕ್ಕಳ ದೇಹಕ್ಕೆ ಸಂಬಂಧಿಸಿದವು. ಭಾರತದ ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ತಂದೆತಾಯಿಗಳ ಸಮ್ಮತಿಯನ್ನು ಅಪೇಕ್ಷಿಸುತ್ತದೆ. ಕಾಯಿದೆಯ ಮಾತು ಹಾಗಿರಲಿ. ಯಾರು ಎಷ್ಟು ಓಡಿದರೆಂಬ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಚ್ಚುವುದು ಯಾವ ಕಾಲಕ್ಕೂ ಸಲ್ಲದು. ವಿಡಿಯೊವನ್ನು ಆ ಹುಡುಗನ ಜೊತೆಯಲ್ಲಿಯೇ ಕುಳಿತು ನೋಡಿ, ‘ಇಲ್ಲಿ ನಿನಗೆ ಯಾರು ಕಾಣುತ್ತಿದ್ದರು?’ ಎಂದು ಅವನನ್ನೇ ಕೇಳುವುದು ಮೇಲು. ಚಿತ್ರದಲ್ಲಿ ಕಾಣದ ಕಾರಣವೊಂದು ಅವನ ಬಾಯಿಂದ ಬರಬಹುದು: ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಬೂಟು ಕಚ್ಚುತ್ತಿತ್ತು, ಬೆಳಗಿನಿಂದ ಏನೂ ತಿಂದಿರಲಿಲ್ಲ ಎಂಬಂಥದು. ಅದನ್ನೂ ಆ ಸಾಲಿನ ಮುಂದೆ ಬರೆದಿಡೋಣ. ಮುಂದಿನ ಸಲ ನಾವು ಸೋತ ಸಂಜೆ, ಯಾರದಾದರೂ ಹೆಸರು ಬಾಯಿಗೆ ಬರುವ ಮೊದಲು ‘ಎಷ್ಟಕ್ಕೆ ಎಷ್ಟು?’ ಎಂಬ ಪ್ರಶ್ನೆ ಬರಲಿ ಎಂಬುದಷ್ಟೇ ನನ್ನ ವಿನಂತಿ.